ಅಮೆರಿಕದ ಕಾಲೇಜಿನ ನೆರವು ಪತ್ರ: ಕೊಡುಗೆ ಎಷ್ಟು, ಸಾಲ ಎಷ್ಟು?



ಅಮೆರಿಕದಲ್ಲಿ ನೆಲೆಸಿರುವ ನಮ್ಮೂರಿನ ಕುಟುಂಬವೊಂದು ಮಗಳಿಗೆ ಕಾಲೇಜಿನಿಂದ ಬಂದ ನೆರವು ಪತ್ರವನ್ನು ನಮಗೆ ಕಳುಹಿಸಿತ್ತು. ವರ್ಷದ ಖರ್ಚು 42,000 ಡಾಲರ್, ನೆರವೂ 42,000 ಡಾಲರ್, ಬಾಕಿ ಸೊನ್ನೆ ಎಂದು ಅದರಲ್ಲಿತ್ತು. ಹಾಗಾದರೆ ನಮ್ಮ ಸಹಾಯವೇ ಬೇಡವಲ್ಲ ಎಂದು ನಮಗೂ ಅನಿಸಿತು. ಆಮೇಲೆ ಕೂತು ಒಂದೊಂದು ಸಾಲನ್ನೂ ಓದಿದೆವು.

ಕಾಲೇಜಿನ ಗ್ರಾಂಟ್ 14,000, ಸರ್ಕಾರದ ಪೆಲ್ ಗ್ರಾಂಟ್ 5,000. ಇವನ್ನು ಹಿಂತಿರುಗಿಸಬೇಕಿಲ್ಲ. ನಿಜವಾದ ಕೊಡುಗೆ ಈ 19,000 ಮಾತ್ರ.

ಮುಂದೆ ‘ಸಬ್ಸಿಡೈಸ್ಡ್’ 3,500, ‘ಅನ್‌ಸಬ್ಸಿಡೈಸ್ಡ್’ 2,000 ಎಂದಿತ್ತು. ಪಕ್ಕದಲ್ಲಿ ಸಾಲ ಎಂಬ ಪದವೇ ಇರಲಿಲ್ಲ. ಆದರೆ ಎರಡೂ ವಿದ್ಯಾರ್ಥಿಯ ಹೆಸರಿನ ಸಾಲಗಳೇ. ಓದುವಾಗ ಮೊದಲನೆಯದರ ಬಡ್ಡಿಯನ್ನು ಸರ್ಕಾರ ಭರಿಸುತ್ತದೆ. ಎರಡನೆಯದಕ್ಕೆ ಹಣ ಬಂದ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ಕೆಳಗೆ ‘ಪೇರೆಂಟ್ ಪ್ಲಸ್’ 15,000 ಇತ್ತು. ಅದು ತಂದೆ ಅಥವಾ ತಾಯಿ ತೀರಿಸಬೇಕಾದ ಸಾಲ.

ಕೊನೆಯದು ‘ವರ್ಕ್ ಸ್ಟಡಿ’ 2,500. ಮಗಳು ಮೊದಲು ಕೆಲಸ ಹುಡುಕಿಕೊಳ್ಳಬೇಕು, ದುಡಿದಷ್ಟಕ್ಕೆ ಮಾತ್ರ ಸಂಬಳ. ಅವಧಿ ಆರಂಭದ ಫೀಸಿನ ಬಿಲ್ಲಿನಲ್ಲಿ ಇದು ಸಾಮಾನ್ಯವಾಗಿ ಕಳೆದಿರುವುದಿಲ್ಲ.

ಹಾಗಾಗಿ 42,000ದಲ್ಲಿ 19,000 ಕಳೆಯಿರಿ. ಕುಟುಂಬದ ನಿಜವಾದ ಹೊರೆ 23,000 ಡಾಲರ್, ಸೊನ್ನೆಯಲ್ಲ! ಎರಡು ಕಾಲೇಜುಗಳನ್ನು ಹೋಲಿಸುವಾಗಲೂ ಒಟ್ಟು ನೆರವನ್ನು ನೋಡಬೇಡಿ, ಈ ಉಳಿಕೆಯನ್ನೇ ನೋಡಿ. ಕೆಲವು ಪತ್ರಗಳಲ್ಲಿ ಖರ್ಚೆಂದರೆ ಬರೀ ಫೀಸು. ಹಾಸ್ಟೆಲ್, ಊಟ, ಪುಸ್ತಕ, ಪ್ರಯಾಣವನ್ನು ನೀವೇ ಸೇರಿಸಿಕೊಳ್ಳಬೇಕು.

ಬಡ್ಡಿಯ ಸಾಲ ಬೇಡವೆನ್ನುವ ಮನೆಯವರು ಒಂದು ಮಾತು ತಿಳಿದಿರಲಿ. ಪತ್ರವನ್ನು ಇಡಿಯಾಗಿ ಒಪ್ಪಬೇಕೆಂದಿಲ್ಲ. ಗ್ರಾಂಟನ್ನು ಉಳಿಸಿಕೊಂಡು ಸಾಲವನ್ನು ನಿರಾಕರಿಸಬಹುದು. ಆಗ ಆ ಹಣವನ್ನು ಬೇರೆ ದಾರಿಯಲ್ಲಿ ಹೊಂದಿಸಬೇಕಾಗುತ್ತದೆ.

ದಾನಿಗಳಿಗೂ ಒಂದು ಮಾತು. ಹೊರಗಿನ ವಿದ್ಯಾರ್ಥಿವೇತನ ಬಂದರೆ ಅದನ್ನು ಕಾಲೇಜಿಗೆ ತಿಳಿಸಬೇಕು. ತಿಳಿಸಿದಾಗ ಕೆಲವು ಕಾಲೇಜುಗಳು ತಮ್ಮ ಗ್ರಾಂಟನ್ನೇ ಅಷ್ಟು ಕಡಿಮೆ ಮಾಡುತ್ತವೆ. ಆಗ ನೀವು ಕೊಟ್ಟ ಹಣದಿಂದ ಕುಟುಂಬದ ಹೊರೆ ಇಳಿಯುವುದಿಲ್ಲ. ಆದ್ದರಿಂದ, “ಮೊದಲು ಸಾಲವನ್ನು ಕಡಿಮೆ ಮಾಡುತ್ತೀರಾ?” ಎಂದು ಕಾಲೇಜಿನ ನೆರವು ಕಚೇರಿಗೆ ಬರೆದು ಕೇಳಿಸಿ, ಉತ್ತರ ಬಂದ ಮೇಲೆಯೇ ನಾವು ಆ ಕುಟುಂಬಕ್ಕೆ ಮೊತ್ತ ನಿಗದಿ ಮಾಡಿದೆವು.

ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋಗುವ ನಮ್ಮ ಮಕ್ಕಳಿಗೆ ಪೆಲ್ ಗ್ರಾಂಟ್, ಸರ್ಕಾರಿ ಸಾಲ, ಸರ್ಕಾರದ ವರ್ಕ್ ಸ್ಟಡಿ ಯಾವುದೂ ಸಿಗುವುದಿಲ್ಲ. ಅವರ ಪತ್ರದಲ್ಲಿ ಹುಡುಕಬೇಕಾದದ್ದು ಕಾಲೇಜು ತಾನೇ ಕೊಡುವ ಗ್ರಾಂಟ್, ಮತ್ತು ಅದು ಎಷ್ಟು ವರ್ಷ, ಯಾವ ಷರತ್ತಿನ ಮೇಲೆ ಎಂಬುದು.

ಪತ್ರ ಬಂದರೆ ಸಹಿ ಹಾಕುವ ಮುಂಚೆ ಕಚೇರಿಗೆ ತನ್ನಿ. ಒಟ್ಟಿಗೆ ಕೂತು ಲೆಕ್ಕ ಹಾಕೋಣ.