ಈ ಕಂಪನಿ ಯಾರದು?

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಮ್ಮ ಸಂಘದ ಕಚೇರಿಗೆ ಬರುವವರು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. "ಸ್ವಾಮಿ, ಈ ಕಂಪನಿ ಸರ್ಕಾರದ್ದೋ ಖಾಸಗಿಯವರದೋ?" ಒಬ್ಬರ ಕೈಯಲ್ಲಿ ಮಗನಿಗೆ ನೌಕರಿ ಕೊಡುತ್ತೇವೆ, ಮೊದಲು ಠೇವಣಿ ಕಟ್ಟಿ ಎಂಬ ಕಾಗದವಿರುತ್ತದೆ. ಇನ್ನೊಬ್ಬರು ಲಕ್ಷ ರೂಪಾಯಿಯ ಸರಕನ್ನು ಉದ್ದರಿಗೆ ಕೊಡಬೇಕಾಗಿರುತ್ತದೆ. ಮತ್ತೊಬ್ಬರಿಗೆ ತಮ್ಮ ದೂರನ್ನು ಯಾವ ಕಚೇರಿಗೆ ಒಯ್ಯಬೇಕೆಂಬುದೇ ಗೊತ್ತಿರುವುದಿಲ್ಲ. ಮೂವರಿಗೂ ಬೇಕಾದ ಉತ್ತರ ಒಂದೇ. ಅದನ್ನು ನಾವೇ ಹುಡುಕಿಕೊಳ್ಳಬಹುದು. ಹೇಗೆ ಎಂಬುದನ್ನು ಇಂದು ಹೇಳುತ್ತೇನೆ.

ಮೊದಲು ಹೆಸರಿನ ಮೋಹ ಬಿಡಬೇಕು. ಬೋರ್ಡಿನ ಮೇಲೆ "ಹಿಂದುಸ್ತಾನ್" ಎಂದಿದ್ದರೆ ಸರ್ಕಾರದ್ದೆಂದು ನಾವು ನಂಬುತ್ತೇವೆ. ಹಿಂದುಸ್ತಾನ್ ಏರೋನಾಟಿಕ್ಸ್ ಸರ್ಕಾರದ್ದು ಹೌದು, ಆದರೆ ಸಾಬೂನು ಮಾಡುವ ಹಿಂದುಸ್ತಾನ್ ಯೂನಿಲಿವರ್ ಖಾಸಗಿ. ಭಾರತ್ ಎಲೆಕ್ಟ್ರಾನಿಕ್ಸ್ ಸರ್ಕಾರದ್ದು, ಭಾರತ್ ಫೋರ್ಜ್ ಖಾಸಗಿಯವರದು. ಹೆಸರು ಹಾಗೇ ಉಳಿದು ಒಡೆಯ ಬದಲಾದ ಉದಾಹರಣೆಗಳೂ ಇವೆ. 1953ರಲ್ಲಿ ರಾಷ್ಟ್ರೀಕರಣವಾದ ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಸಂಸ್ಥೆಯ ಕೈಗೆ ಹೋಯಿತು. ವಿಮಾನದ ಮೇಲಿನ ಹೆಸರು ಮಾತ್ರ ಬದಲಾಗಲಿಲ್ಲ.

ಎರಡನೆಯ ಮೋಸ ಇದಕ್ಕಿಂತ ಜಾಣತನದ್ದು. "ಭಾರತ ಸರ್ಕಾರದಲ್ಲಿ ನೋಂದಾಯಿತ" ಎಂದು ಕರಪತ್ರದ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಅದು ಸುಳ್ಳಲ್ಲ, ಅದೇ ಅದರ ಜಾಣತನ. ಈ ದೇಶದ ಪ್ರತಿಯೊಂದು ಕಂಪನಿಯೂ ಕೇಂದ್ರ ಸರ್ಕಾರದ ಕಂಪನಿ ವ್ಯವಹಾರಗಳ ಮಂತ್ರಾಲಯದ ಕೆಳಗಿನ ರಿಜಿಸ್ಟ್ರಾರರಲ್ಲಿ ನೋಂದಾಯಿತವಾಗಿರಲೇಬೇಕು. ಇಬ್ಬರು ಸೇರಿ ನಿನ್ನೆ ಹುಟ್ಟಿಸಿದ ಕಂಪನಿಗೂ ಆ ಪತ್ರವಿರುತ್ತದೆ. ಮಗು ಹುಟ್ಟಿದ್ದನ್ನು ಮುನಿಸಿಪಾಲಿಟಿ ಬರೆದುಕೊಂಡಿತೆಂದು ಮಗು ಮುನಿಸಿಪಾಲಿಟಿಯದಾಗುತ್ತದೆಯೇ?

ಮೂರನೆಯದು ಮಾತಿನ ಗೊಂದಲ. "ಪಬ್ಲಿಕ್ ಲಿಮಿಟೆಡ್" ಎಂದರೆ ಸರ್ಕಾರದ್ದೆಂದು ಅರ್ಥವಲ್ಲ. ಯಾರು ಬೇಕಾದರೂ ಷೇರು ಕೊಳ್ಳಬಹುದಾದ ರೀತಿಯ ಕಂಪನಿ ಎಂದಷ್ಟೆ. "ಪಬ್ಲಿಕ್ ಸೆಕ್ಟರ್", ಅಂದರೆ ಸಾರ್ವಜನಿಕ ವಲಯ, ಬೇರೆಯೇ ಮಾತು. ಹಾಗೆಯೇ "ಪ್ರೈವೇಟ್ ಲಿಮಿಟೆಡ್" ಎಂದ ಮಾತ್ರಕ್ಕೆ ಖಾಸಗಿಯೂ ಅಲ್ಲ. ಮೈಸೂರಿನಲ್ಲಿ ನೋಟು ಅಚ್ಚು ಹಾಕುವ ಕಂಪನಿಯ ಪೂರ್ತಿ ಹೆಸರು ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ್ ಪ್ರೈವೇಟ್ ಲಿಮಿಟೆಡ್. ಅದು ಪೂರ್ತಿಯಾಗಿ ರಿಸರ್ವ್ ಬ್ಯಾಂಕಿನ ಒಡೆತನದ್ದು. ಹೆಸರು ನೋಡಿ ತೀರ್ಮಾನಿಸುವವನು ನಮ್ಮ ನೋಟುಗಳನ್ನು ಯಾವನೋ ಸಾಹುಕಾರ ಅಚ್ಚು ಹಾಕುತ್ತಿದ್ದಾನೆಂದು ಹೇಳಬೇಕಾಗುತ್ತದೆ!

ಹಾಗಾದರೆ ಅಳತೆಗೋಲು ಯಾವುದು? 2013ರ ಕಂಪನಿ ಕಾಯಿದೆ ಅದನ್ನು ನೇರವಾಗಿ ಹೇಳಿದೆ. ಕಂಪನಿಯ ಷೇರು ಬಂಡವಾಳದಲ್ಲಿ ನೂರಕ್ಕೆ 51ಕ್ಕೆ ಕಡಿಮೆಯಿಲ್ಲದ ಪಾಲು ಕೇಂದ್ರ ಸರ್ಕಾರದ್ದೋ, ರಾಜ್ಯ ಸರ್ಕಾರದ್ದೋ, ಅಥವಾ ಇಬ್ಬರದೂ ಕೂಡಿಯೋ ಇದ್ದರೆ ಅದು ಸರ್ಕಾರಿ ಕಂಪನಿ. ಅಂಥ ಸರ್ಕಾರಿ ಕಂಪನಿಯ ಅಧೀನ ಕಂಪನಿಯೂ ಸರ್ಕಾರಿ ಕಂಪನಿಯೇ. ಈ ಎರಡನೆಯ ಮಾತನ್ನು ನೆನಪಿಡಿ. ಓದಿದವರೂ ಎಡವುವುದು ಅಲ್ಲಿಯೇ. 49 ಇದ್ದರೆ ಸಾಲದು. ಬಾಲ್ಕೋ ಎಂಬ ಅಲ್ಯುಮಿನಿಯಂ ಕಂಪನಿಯ ನೂರಕ್ಕೆ 51 ಪಾಲನ್ನು ಕೇಂದ್ರ ಸರ್ಕಾರ 2001ರಲ್ಲಿ ಸ್ಟರ್ಲೈಟ್ ಕಂಪನಿಗೆ ಮಾರಿ, 49ನ್ನು ತನ್ನಲ್ಲಿ ಉಳಿಸಿಕೊಂಡಿತು. ಅಂದಿನಿಂದ ಅದು ಸರ್ಕಾರಿ ಕಂಪನಿಯಲ್ಲ.

ಈಗ ಮಂಗಳೂರಿನ ಎಣ್ಣೆ ಶುದ್ಧೀಕರಣ ಕಾರ್ಖಾನೆಯನ್ನೇ, ಎಲ್ಲರೂ ಎಂ.ಆರ್.ಪಿ.ಎಲ್. ಎನ್ನುವುದನ್ನು, ತೆಗೆದುಕೊಂಡು ಪರೀಕ್ಷಿಸೋಣ.

ಮೊದಲ ಹೆಜ್ಜೆ, ಕಂಪನಿಯ ಗುರುತಿನ ಸಂಖ್ಯೆ. ಕಂಪನಿಯು ತನ್ನ ಪತ್ರಗಳ ಮೇಲೆ, ಬಿಲ್ಲುಗಳ ಮೇಲೆ ಇದನ್ನು ಅಚ್ಚು ಹಾಕಿಸಲೇಬೇಕೆಂದು ಕಾಯಿದೆಯಿದೆ. ಇಂಗ್ಲಿಷಿನಲ್ಲಿ CIN ಎಂದು ಬರೆದು ಮುಂದೆ 21 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮಂಗಳೂರಿನ ಕಂಪನಿಯದು ಹೀಗಿದೆ:

L23209KA1988GOI008959

ಇದನ್ನು ಬಿಡಿಸಿ ಓದಬೇಕು. ಮೊದಲ L ಎಂದರೆ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿ, ಅಲ್ಲದಿದ್ದರೆ U ಇರುತ್ತದೆ. ಮುಂದಿನ ಐದು ಅಂಕಿ ಉದ್ಯಮದ ಜಾತಿಯನ್ನು ಹೇಳುತ್ತವೆ. KA ಎಂದರೆ ಕರ್ನಾಟಕದಲ್ಲಿ ನೋಂದಣಿಯಾದದ್ದು, 1988 ಕಂಪನಿ ಹುಟ್ಟಿದ ವರ್ಷ. ನಮಗೆ ಬೇಕಾದದ್ದು ವರ್ಷದ ನಂತರದ ಮೂರು ಅಕ್ಷರ. GOI ಎಂದರೆ ಕೇಂದ್ರ ಸರ್ಕಾರದ ಕಂಪನಿ. SGC ಎಂದರೆ ರಾಜ್ಯ ಸರ್ಕಾರದ್ದು. PTC ಎಂದರೆ ಪ್ರೈವೇಟ್ ಲಿಮಿಟೆಡ್, PLC ಎಂದರೆ ಪಬ್ಲಿಕ್ ಲಿಮಿಟೆಡ್. ಕೈಗೆ ಬಂದ ಕಾಗದದ ಮೇಲೆ ಈ ಸಂಖ್ಯೆಯೇ ಇಲ್ಲದಿದ್ದರೆ ಕೇಳಿ ಪಡೆಯಿರಿ. ಕೊಡಲು ಹಿಂದುಮುಂದು ನೋಡುವವರೊಡನೆ ವ್ಯವಹಾರ ಮಾಡುವ ಮುಂಚೆ ನೀವೂ ಹಿಂದುಮುಂದು ನೋಡಿ. ಸಂಖ್ಯೆ ಸಿಕ್ಕಿದ ಮೇಲೆ mca.gov.in ಎಂಬ ಮಂತ್ರಾಲಯದ ತಾಣದಲ್ಲಿ ಅದನ್ನು ಹಾಕಿ ತಾಳೆ ನೋಡಬೇಕು. ಬೇರೆಯವರ ಸಂಖ್ಯೆಯನ್ನು ತಮ್ಮ ಕಾಗದಕ್ಕೆ ಹಾಕಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಆದ್ದರಿಂದ ಹೆಸರು, ವಿಳಾಸ, ಸಂಖ್ಯೆ ಮೂರೂ ಹೊಂದಬೇಕು.

ಆದರೆ ಈ ಮೂರು ಅಕ್ಷರವನ್ನೇ ವೇದವೆಂದು ತಿಳಿಯಬೇಡಿ. ಎಚ್.ಎಂ.ಟಿ. ಗಡಿಯಾರ ಕಟ್ಟದ ಕೈ ಒಂದು ಕಾಲಕ್ಕೆ ಕರ್ನಾಟಕದಲ್ಲಿ ಅಪರೂಪವಾಗಿತ್ತು. ಆ ಕಂಪನಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಕೇಂದ್ರ ಸರ್ಕಾರದ್ದು. ಅದರ ಸಂಖ್ಯೆಯಲ್ಲಿ ಮಾತ್ರ GOI ಇಲ್ಲ, PLC ಎಂದಿದೆ. ಅಕ್ಷರ ಸುಳಿವು ಕೊಡುತ್ತದೆ, ಒಡೆತನದ ಸಾಕ್ಷಿ ಷೇರುಗಳಲ್ಲಿದೆ.

ಆದ್ದರಿಂದ ಎರಡನೆಯ ಹೆಜ್ಜೆ, ಷೇರುದಾರರ ಪಟ್ಟಿ. ಷೇರುಪೇಟೆಯ ಕಂಪನಿಯಾದರೆ ಮೂರು ತಿಂಗಳಿಗೊಮ್ಮೆ ಯಾರ ಪಾಲು ಎಷ್ಟೆಂದು ಮುಂಬಯಿಯ ಷೇರುಪೇಟೆಗೆ ತಿಳಿಸಬೇಕು. ಅದು ಯಾರು ಬೇಕಾದರೂ ನೋಡಬಹುದಾದ ಪಟ್ಟಿ. ಪಟ್ಟಿಯಾಗದ ಕಂಪನಿಯಾದರೆ ಅದರ ವಾರ್ಷಿಕ ವಿವರಪತ್ರವನ್ನು ಅದೇ ಮಂತ್ರಾಲಯದ ತಾಣದಲ್ಲಿ ಸ್ವಲ್ಪ ಶುಲ್ಕ ಕಟ್ಟಿ ನೋಡಬಹುದು. ಕೇಂದ್ರ ಸರ್ಕಾರದ ಷೇರುಗಳು "ಭಾರತದ ರಾಷ್ಟ್ರಪತಿ" ಎಂಬ ಹೆಸರಿನಲ್ಲಿರುತ್ತವೆ. ನಮ್ಮ ರಾಜ್ಯ ಸರ್ಕಾರದವು ರಾಜ್ಯಪಾಲರ ಹೆಸರಿನಲ್ಲಿರುವುದುಂಟು.

ಮಂಗಳೂರಿನ ಕಂಪನಿಯ ಪಟ್ಟಿಯನ್ನು ತೆಗೆದರೆ ಅಲ್ಲಿ ರಾಷ್ಟ್ರಪತಿಯ ಹೆಸರೇ ಕಾಣುವುದಿಲ್ಲ! ನೂರಕ್ಕೆ ಸುಮಾರು 72 ಪಾಲು ಓ.ಎನ್.ಜಿ.ಸಿ. ಕಂಪನಿಯದು, ಸುಮಾರು 17 ಹಿಂದುಸ್ತಾನ್ ಪೆಟ್ರೋಲಿಯಂ ಕಂಪನಿಯದು, ಉಳಿದದ್ದು ಇತರರದು. ಅವಸರದವನು ಇಲ್ಲಿಗೇ ನಿಂತು "ಸರ್ಕಾರದ್ದಲ್ಲ" ಎಂದುಬಿಡುತ್ತಾನೆ. ನಾವು ಒಂದು ಮೆಟ್ಟಿಲು ಮೇಲೆ ಹತ್ತಿ ಓ.ಎನ್.ಜಿ.ಸಿ. ಯಾರದೆಂದು ನೋಡಬೇಕು. ಅದರಲ್ಲಿ ರಾಷ್ಟ್ರಪತಿಯ ಹೆಸರಿನಲ್ಲಿ ನೂರಕ್ಕೆ ಸುಮಾರು 59 ಇದೆ. 51 ದಾಟಿತು, ಆದ್ದರಿಂದ ಅದು ಸರ್ಕಾರಿ ಕಂಪನಿ. ಅದರ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿರುವುದರಿಂದ ಮಂಗಳೂರಿನದು ಅದರ ಅಧೀನ ಕಂಪನಿ. ಆದ್ದರಿಂದ ಅದೂ ಸರ್ಕಾರಿ ಕಂಪನಿ.

ಲೆಕ್ಕ ಬಲ್ಲವರು ಇಲ್ಲಿ ತಕರಾರು ತೆಗೆಯುತ್ತಾರೆ. 72ರಲ್ಲಿ ನೂರಕ್ಕೆ 59 ಎಂದರೆ 42 ಚಿಲ್ಲರೆಯಷ್ಟೇ ಆಯಿತಲ್ಲ, 51 ಎಲ್ಲಿ ಬಂತು ಎನ್ನುತ್ತಾರೆ. ಗುಣಾಕಾರ ಸರಿಯಾಗಿದೆ, ಆದರೆ ಕಾಯಿದೆ ಗುಣಾಕಾರ ಮಾಡುವುದಿಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. ಮೇಲಿನದು ಸರ್ಕಾರಿ ಕಂಪನಿಯೇ? ಹೌದು. ಕೆಳಗಿನದು ಅದರ ಹಿಡಿತದಲ್ಲಿದೆಯೇ? ಹೌದು. ಅಲ್ಲಿಗೆ ಮುಗಿಯಿತು. ಲಾಭದಲ್ಲಿ ಬೊಕ್ಕಸಕ್ಕೆ ಎಷ್ಟು ಸೇರುತ್ತದೆ ಎಂಬುದು ಒಂದು ಪ್ರಶ್ನೆ, ಚುಕ್ಕಾಣಿ ಯಾರ ಕೈಯಲ್ಲಿದೆ ಎಂಬುದು ಇನ್ನೊಂದು. ಕಾಯಿದೆ ನೋಡುವುದು ಚುಕ್ಕಾಣಿಯನ್ನು.

ಇದೇ ಕಂಪನಿ ಎಂದೆಂದಿಗೂ ಹೀಗಿರಲಿಲ್ಲ. 1988ರಲ್ಲಿ ಹುಟ್ಟಿದಾಗ ಅದು ಹಿಂದುಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಬಳಗದ ಜಂಟಿ ಉದ್ಯಮ. ಇಬ್ಬರಿಗೂ ತಲಾ ನೂರಕ್ಕೆ ಸುಮಾರು 37 ಪಾಲಿತ್ತು. ಸರ್ಕಾರಿ ಕಂಪನಿಯೊಂದು ಪಾಲುದಾರನಾಗಿದ್ದರೂ ಅರ್ಧ ದಾಟಿರಲಿಲ್ಲವಾದ್ದರಿಂದ ಅಂದು ಅದು ಸರ್ಕಾರಿ ಕಂಪನಿಯಾಗಿರಲಿಲ್ಲ. 2003ರ ಮಾರ್ಚ್‌ನಲ್ಲಿ ಬಿರ್ಲಾ ಬಳಗದ ಪಾಲನ್ನು ಓ.ಎನ್.ಜಿ.ಸಿ. ಕೊಂಡು, ಮೇಲೆ ಇನ್ನಷ್ಟು ಬಂಡವಾಳ ಹಾಕಿತು, ಕಂಪನಿಯ ಜಾತಿಯೇ ಬದಲಾಯಿತು. ಅದೇ ಗೇಟು, ಅದೇ ಚಿಮಣಿ. ಹತ್ತು ವರ್ಷದ ಹಿಂದೆ ಯಾರೋ ಹೇಳಿದ ಮಾತನ್ನು ನಂಬಿ ಕೂರಬಾರದೆಂಬುದು ಇದಕ್ಕೇ.

ಇಷ್ಟಕ್ಕೂ ಅನುಮಾನ ಉಳಿದರೆ ವಾರ್ಷಿಕ ವರದಿಯ ಕೊನೆಯ ಪುಟಗಳನ್ನು ತಿರುವಿ ಹಾಕಿ. ಸರ್ಕಾರಿ ಕಂಪನಿಗೆ ಲೆಕ್ಕ ತಪಾಸಣೆಯವರನ್ನು ನೇಮಿಸುವವರು ಸಿ.ಎ.ಜಿ. ಎಂದು ನಾವು ಪತ್ರಿಕೆಗಳಲ್ಲಿ ಓದುವ ಮಹಾಲೆಕ್ಕಪರಿಶೋಧಕರು. ಅವರ ಅಭಿಪ್ರಾಯವೂ ವರದಿಯಲ್ಲಿ ಸೇರಿರಬೇಕು. ಖಾಸಗಿ ಕಂಪನಿಯ ವರದಿಯಲ್ಲಿ ಆ ಕಾಗದವಿರುವುದಿಲ್ಲ. ಬಣ್ಣಬಣ್ಣದ ಚಿತ್ರಗಳಿರುತ್ತವೆ, ಅದು ಬೇರೆ ಮಾತು.

ಕಂಪನಿಯ ಸಂಖ್ಯೆಯೇ ಇಲ್ಲದ ಸರ್ಕಾರಿ ಸಂಸ್ಥೆಗಳೂ ಇವೆ. ಕೆನರಾ ಬ್ಯಾಂಕು, ಜೀವವಿಮಾ ನಿಗಮ, ನಮ್ಮ ಸಾರಿಗೆ ನಿಗಮ ಇವು ಕಂಪನಿ ಕಾಯಿದೆಯಲ್ಲಿ ಹುಟ್ಟಿದವಲ್ಲ, ತಮ್ಮದೇ ಬೇರೆ ಕಾಯಿದೆಗಳಡಿ ನಿಂತವು. ರೈಲ್ವೆ ಅಂತೂ ಸರ್ಕಾರದ ಇಲಾಖೆಯೇ. ಹಾಗೆಯೇ ಜೀವವಿಮಾ ನಿಗಮ ಒಂದು ಖಾಸಗಿ ಕಂಪನಿಯಲ್ಲಿ ಹತ್ತು ಹದಿನೈದು ಪಾಲು ಇಟ್ಟುಕೊಂಡಿದ್ದರೆ ಆ ಕಂಪನಿ ಸರ್ಕಾರದ್ದಾಗುವುದಿಲ್ಲ. ಪಟ್ಟಿಯಲ್ಲಿ ನಿಗಮದ ಹೆಸರು ಕಂಡು ಮೋಸಹೋಗಬೇಡಿ.

ಇನ್ನು ಸರ್ಕಾರದ್ದೆಂದು ಗೊತ್ತಾದ ಮೇಲೆ ಸಿಗುವುದೇನು, ಸಿಗದಿರುವುದೇನು? ಸರ್ಕಾರಿ ಕಂಪನಿಯಾದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಹಾಕಿ ನಿಮ್ಮ ಬಿಲ್ಲು ಯಾವ ಮೇಜಿನ ಮೇಲೆ ಕುಳಿತಿದೆಯೆಂದು ಕೇಳಬಹುದು. ನೇಮಕದ ನಿಯಮವೇನು, ಠೇವಣಿ ತೆಗೆದುಕೊಳ್ಳುವ ಪದ್ಧತಿಯಿದೆಯೇ ಎಂದೂ ಕೇಳಬಹುದು. ಖಾಸಗಿ ಕಂಪನಿ ಹಾಗೆ ಉತ್ತರ ಕೊಡಬೇಕಾಗಿಲ್ಲ. ಆದರೆ ಸರ್ಕಾರಿ ಕಂಪನಿಯ ನೌಕರ ಸರ್ಕಾರಿ ನೌಕರನಲ್ಲ, ಅವನು ಕಂಪನಿಯ ನೌಕರ. ವರ್ತಕ ಬಂಧುಗಳು ಇನ್ನೊಂದನ್ನು ತಿಳಿದಿರಬೇಕು. ಸರ್ಕಾರಿ ಕಂಪನಿಯ ಸಾಲ ಸರ್ಕಾರದ ಸಾಲವಲ್ಲ. ಕಾಯಿದೆಯ ಕಣ್ಣಿನಲ್ಲಿ ಕಂಪನಿ ಬೇರೊಬ್ಬ ವ್ಯಕ್ತಿ. ಸರ್ಕಾರ ಬರವಣಿಗೆಯಲ್ಲಿ ಜಾಮೀನು ಕೊಟ್ಟಿದ್ದರೆ ಹೊರತು ನಿಮ್ಮ ಬಾಕಿಗೆ ವಿಧಾನಸೌಧ ಹೊಣೆಯಾಗುವುದಿಲ್ಲ. ಉದ್ದರಿ ಕೊಡುವಾಗ ಕಂಪನಿಯ ಲೆಕ್ಕವನ್ನು ನೋಡಿ, ಬೋರ್ಡಿನ ಮೇಲಿನ ಸಿಂಹದ ಮುದ್ರೆಯನ್ನಲ್ಲ.

ಕಾರ್ಮಿಕರಿಗೆ ಹೇಳಬೇಕಾದ್ದು ಒಂದುಂಟು. ಸರ್ಕಾರಿ ಕಾರ್ಖಾನೆಯ ಗೇಟಿನೊಳಗೆ ದುಡಿಯುವ ಎಲ್ಲರೂ ಆ ಕಾರ್ಖಾನೆಯ ನೌಕರರಲ್ಲ. ಗುತ್ತಿಗೆಯ ಮೇಲೆ ಬಂದವನ ಧಣಿ ಗುತ್ತಿಗೆದಾರ, ಅವನದು ಹೆಚ್ಚಾಗಿ ಪ್ರೈವೇಟ್ ಲಿಮಿಟೆಡ್ ಕಂಪನಿ ಅಥವಾ ಪಾಲುದಾರಿಕೆಯ ಅಂಗಡಿ. ಆದ್ದರಿಂದ ಗೇಟಿನ ಮೇಲಿನ ಹೆಸರನ್ನು ಓದಬೇಡಿ, ನಿಮ್ಮ ಸಂಬಳದ ಚೀಟಿಯ ಮೇಲಿನ ಹೆಸರನ್ನು ಓದಿ. ಭವಿಷ್ಯನಿಧಿಯ ಖಾತೆಯಲ್ಲಿ ಯಜಮಾನನೆಂದು ಯಾರ ಹೆಸರಿದೆ ನೋಡಿ. ನಾನು ಈಗ ಹೇಳಿದ ಪರೀಕ್ಷೆಯನ್ನು ಆ ಹೆಸರಿನ ಮೇಲೆ ಮಾಡಬೇಕು. ಸಂಬಳದ ಚೀಟಿ ತಂದಿರುವವರು ಸಭೆ ಮುಗಿದ ಮೇಲೆ ಇಲ್ಲೇ ಉಳಿಯಿರಿ, ಒಂದೊಂದಾಗಿ ಕೂತು ನೋಡೋಣ.