ಆಶ್ರಯಗೃಹದ ಮಕ್ಕಳೊಡನೆ ಭಾನುವಾರದ ಆಟ
(ಸ್ವಯಂಸೇವಕರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಯುವಕ ಸಂಘ ಮತ್ತು ಮಹಿಳಾ ಮಂಡಲಗಳ ಕೆಲವರು ಭಾನುವಾರಗಳಂದು ಒಂದು ಆಶ್ರಯಗೃಹಕ್ಕೆ ಹೋಗಿ, ಅಲ್ಲಿನ ಮಕ್ಕಳಿಂದ ಆಟ ಮತ್ತು ಕೈಕೆಲಸ ಮಾಡಿಸುತ್ತಿರುವುದು ನಿಮಗೆ ತಿಳಿದೇ ಇದೆ. ಆ ಕೆಲಸಕ್ಕೆ ಹೊಸದಾಗಿ ಬರಲಿಚ್ಛಿಸುವವರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಗೃಹದ ಹೆಸರನ್ನು ಹೇಳುವುದಿಲ್ಲ. ಮಕ್ಕಳ ವಿವರಗಳನ್ನೂ ಗುರುತು ಸಿಕ್ಕದಂತೆ ಬದಲಿಸಿದ್ದೇನೆ. ಇಂತಹ ಮಕ್ಕಳ ಗುರುತು ಹೊರಬೀಳುವ ಯಾವುದನ್ನೂ ಪ್ರಕಟಿಸಕೂಡದೆಂದು 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮು ವಿಧಿಸುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಸಂಘದ ಗುಂಪಿಗೆ ಕಳಿಸುವುದೂ ಇದಕ್ಕೆ ಸೇರುತ್ತದೆ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಮೊದಲನೆಯ ಭಾನುವಾರ ನಾನು ಕಣ್ಣಾಮುಚ್ಚಾಲೆ ಆಡಿಸಿದೆ. ನಮ್ಮ ಊರ ಮಕ್ಕಳಿಗೆ ಅದಕ್ಕಿಂತ ಖುಷಿಯ ಆಟ ಮತ್ತೊಂದಿಲ್ಲ. ಒಬ್ಬ ಹುಡುಗನ ಹಿಂದಿನಿಂದ ಬಂದು ಕಣ್ಣಿಗೆ ಬಟ್ಟೆ ಕಟ್ಟಿದೆ. ಅವನು ಕೂಗಲಿಲ್ಲ, ಅಳಲಿಲ್ಲ, ನಿಂತಲ್ಲೇ ಮರಗಟ್ಟಿದ. ಬಟ್ಟೆ ಬಿಚ್ಚಿದ ಕೂಡಲೇ ಬೆಂಚಿನ ಕೆಳಗೆ ಹೋಗಿ ಸೇರಿದವನು ಊಟದ ಗಂಟೆಯವರೆಗೂ ಹೊರಗೆ ಬರಲಿಲ್ಲ. ಗೃಹದ ಅಮ್ಮನವರು ನನ್ನನ್ನು ಬೈಯಲಿಲ್ಲ. "ಸ್ವಾಮಿ, ಹಿಂದಿನಿಂದ ಬಂದವರು ಏನು ಮಾಡುತ್ತಾರೆಂಬುದು ಈ ಮಕ್ಕಳಿಗೆ ಗೊತ್ತಿದೆ. ಇನ್ನು ಮುಂದೆ ಎದುರಿನಿಂದ ಬನ್ನಿ" ಎಂದಷ್ಟೇ ಅಂದರು.

ಪೆಟ್ಟು ತಿಂದ ಮಗುವಿನ ಮೈ ಸದಾ ಕಾವಲು ಕಾಯುತ್ತಿರುತ್ತದೆ. ಕಾಣದೆ ಬಂದ ಕೈ, ಥಟ್ಟನೆ ಎದ್ದ ಕೂಗು, ಯಾವುದೋ ಒಂದು ವಾಸನೆ, ಇವು ಹಳೆಯ ಭಯವನ್ನು ಈಗಲೇ ನಡೆಯುತ್ತಿರುವಂತೆ ಎಬ್ಬಿಸಿಬಿಡುತ್ತವೆ. ಅದು ಹಟವಲ್ಲ, ನಟನೆಯೂ ಅಲ್ಲ. ಆದುದರಿಂದ ಕಣ್ಣು ಕಟ್ಟುವ, ಹಿಡಿದು ಕೆಡಹುವ, ಸೋತವರನ್ನು ಹೊರಗೆ ಕೂರಿಸುವ ಆಟಗಳನ್ನು ನಾವು ಬಿಟ್ಟೆವು. ಕಬಡ್ಡಿಯನ್ನು ಬಿಡುವಾಗ ನಮ್ಮ ಯುವಕರಿಗೆ ಬಹಳ ಬೇಸರವಾಯಿತೆಂಬುದನ್ನು ಒಪ್ಪಬೇಕು.

ಬದಲಿಗೆ ಹಿಡಿದದ್ದು ಚೆನ್ನೆಮಣೆ. ಎರಡು ಸಾಲಿನಲ್ಲಿ ಏಳೇಳು, ಒಟ್ಟು 14 ಗುಳಿ. ಗುಳಿಗೆ ನಾಲ್ಕರಂತೆ 56 ಬೀಜ. ಒಂದು ಗುಳಿಯ ಬೀಜವನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವುದು. ಈ ಆಟದಲ್ಲಿ ಯಾರೂ ಯಾರನ್ನೂ ಮುಟ್ಟಬೇಕಾಗಿಲ್ಲ. ಮಣೆ ನಡುವೆ ಇರುವುದರಿಂದ ಎದುರಾಳಿಯ ಮುಖ ನೋಡಲೇಬೇಕೆಂದಿಲ್ಲ. ಬೀಜವನ್ನು ಎಣಿಸಿಟ್ಟರೆ ಮುಂದೆ ಎಲ್ಲಿಗೆ ಮುಟ್ಟುತ್ತದೆಂಬುದು ಮಗುವಿಗೆ ಮೊದಲೇ ತಿಳಿಯುತ್ತದೆ. ಮುಂದೇನು ಬರುವುದೆಂದು ತಿಳಿದಿರುವುದೇ ಅಂತಹ ಮಗುವಿಗೆ ದೊಡ್ಡ ನೆಮ್ಮದಿ.

ಬೀಜದ ವಿಷಯದಲ್ಲಿ ಒಂದು ಎಚ್ಚರಿಕೆ, ಇದು ನನ್ನ ಕಸುಬಿಗೆ ಸೇರಿದ ಮಾತು. ಮಂಜೊಟ್ಟಿ ಬೀಜ ಪೂರ್ತಿ ಕೆಂಪು. ಕಪ್ಪು ಚುಕ್ಕೆಯ ಗುಲಗಂಜಿಯನ್ನು ಮಾತ್ರ ಎಂದೂ ಒಯ್ಯಬೇಡಿ. ಅಗಿದು ನುಂಗಿದರೆ ಅದು ಪ್ರಾಣಕ್ಕೆ ಅಪಾಯಕರವಾದ ವಿಷ. ಸಂಶಯವಿದ್ದರೆ ಹುಣಿಸೆ ಬೀಜ ಸಾಕು. ತೀರಾ ಚಿಕ್ಕ ಮಕ್ಕಳಿರುವಲ್ಲಿ ಯಾವ ಬೀಜವನ್ನೂ ಬಿಟ್ಟು ಬರಬೇಡಿ. ಹೊರಡುವಾಗ ಐವತ್ತಾರನ್ನೂ ಎಣಿಸಿಕೊಳ್ಳಬೇಕು.

ಬೆಂಚಿನ ಕೆಳಗೆ ಸೇರಿದ್ದ ಹುಡುಗನ ಸಂಗತಿಗೆ ಮತ್ತೆ ಬರುತ್ತೇನೆ. ಎರಡನೆಯ ಭಾನುವಾರ ಅವನು ಬಾಗಿಲ ಬಳಿ ನಿಂತು ನೋಡಿದ. ನಾವು ಕರೆಯಲಿಲ್ಲ, ಬಾಗಿಲನ್ನು ತೆರೆದಿಟ್ಟು, ಒಂದು ಮಣೆಯನ್ನು ಆ ಕಡೆ ಇಟ್ಟೆವು. ಮೂರನೆಯ ವಾರ ಅವನು ತನ್ನ ಬಲಗೈಗೂ ಎಡಗೈಗೂ ಪಂದ್ಯವಿಟ್ಟು ಒಬ್ಬನೇ ಆಡಿದ. ಐದನೆಯ ವಾರ ಮಣೆಯನ್ನು ಅರ್ಧ ಗೇಣಿನಷ್ಟು ನನ್ನ ಕಡೆಗೆ ನೂಕಿದ. ಅಂದು ನಾವು ಎರಡು ಆಟ ಆಡಿದೆವು, ಮಾತೇನೂ ನಡೆಯಲಿಲ್ಲ.

ಆಮೇಲೆ ನಾವು ಕೆಲಸವನ್ನು ಕೆಡಿಸಿದೆವು. ಮೂರು ತಾಲ್ಲೂಕಿನವರಿಗೂ ಅವಕಾಶ ಸಿಗಲೆಂದು ಸರದಿ ಹಾಕಿದೆವು: ಒಂದು ವಾರ ಸಾಗರದವರು, ಮತ್ತೊಂದು ವಾರ ಹೊಸನಗರದವರು, ಇನ್ನೊಂದು ವಾರ ತೀರ್ಥಹಳ್ಳಿಯವರು. ನಮಗೆ ಅದು ನ್ಯಾಯವಾಗಿ ಕಂಡಿತು. ಮಕ್ಕಳಿಗೆ ಮಾತ್ರ ವಾರವಾರವೂ ಹೊಸ ಮುಖ. ಒಂದು ಭಾನುವಾರ ಮಳೆಯಿಂದ ದಾರಿ ಕೆಟ್ಟು ಯಾರೂ ಹೋಗಲಿಲ್ಲ, ಹೇಳಿಯೂ ಕಳಿಸಲಿಲ್ಲ. ಅವನು ಅಂದು ಜಗುಲಿಯಲ್ಲಿ ಕತ್ತಲಾಗುವ ತನಕ ಕುಳಿತಿದ್ದನಂತೆ. ಮುಂದಿನ ಎರಡು ವಾರ ಅವನು ಆಟಕ್ಕೆ ಬರಲೇ ಇಲ್ಲ.

ಈಗ ನಾಲ್ಕು ತಿಂಗಳಿಗೆ ಅದೇ ಮೂವರು ಹೋಗುತ್ತಾರೆ, ತಾಲ್ಲೂಕಿಗೊಬ್ಬರು. ಉಳಿದವರು ಮಣೆ ಕೆತ್ತಿಸುವುದು, ಬುಟ್ಟಿ ಒದಗಿಸುವುದು, ಬಸ್ಸಿನ ಖರ್ಚು ನೋಡಿಕೊಳ್ಳುವುದು. ಹನ್ನೆರಡು ಮಕ್ಕಳಿಗೆ ಮೂವರು ಸಾಕು. ಮೂರು ಗಂಟೆಗೆ ಆರಂಭ, ಐದಕ್ಕೆ ಮುಕ್ತಾಯ. ಮೊದಲು ಆಟ, ಆಮೇಲೆ ಕೈಕೆಲಸ. ಮುಗಿಯಲು ಹತ್ತು ನಿಮಿಷವಿದೆಯೆಂದು ಮುಂಚಿತವಾಗಿ ಹೇಳುತ್ತೇವೆ. ಹೋಗಲಾಗದಿದ್ದರೆ ಶುಕ್ರವಾರದೊಳಗೆ ಫೋನು ಮಾಡಿ, ಮತ್ತೆ ಯಾವ ದಿನ ಬರುತ್ತೇವೆಂಬುದನ್ನೂ ತಿಳಿಸುತ್ತೇವೆ.

ಕೈಕೆಲಸಕ್ಕೆ ನಮ್ಮ ಸೀಮೆಯ ಚಿತ್ತಾರವೇ ಒದಗಿತು. ಭೂಮಿ ಹುಣ್ಣಿಮೆಗೆ ದೀವರ ಮನೆಯ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವ ಬಗೆಯದು. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ನೆನೆಸಿ ಅರೆದ ಅಕ್ಕಿಯ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಗೆರೆ ಎಳೆಯುವುದು. ಗೆರೆ ತಪ್ಪಿದರೆ ಮೇಲೆ ಕೆಮ್ಮಣ್ಣು ಬಳಿದರಾಯಿತು, ತಪ್ಪೇ ಇಲ್ಲವಾಗುತ್ತದೆ. ಕಪ್ಪು ಬಣ್ಣಕ್ಕೆ ಅಕ್ಕಿಯನ್ನು ಕರಿಕಾಗುವಂತೆ ಹುರಿಯಬೇಕಷ್ಟೆ. ಅದನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ, ಸುಟ್ಟ ವಾಸನೆ ಯಾವ ಮಗುವಿಗೆ ಏನನ್ನು ನೆನಪಿಸುವುದೋ ಹೇಳಲಾಗದು. ಹಸೆಗೋಡೆಯ ಮದುವೆಯ ಚಿತ್ರವನ್ನು ನಾವು ಹೇಳಿಕೊಡುವುದಿಲ್ಲ. "ನಿನ್ನ ಮನೆ ಬರೆ, ಅಪ್ಪ ಅಮ್ಮನನ್ನು ಬರೆ" ಎನ್ನುವುದು ಇನ್ನೂ ಕೆಟ್ಟದ್ದು. ಬರೀ ಗೆರೆ ಸಾಕು. ಬರೆಯಲೊಲ್ಲದ ಮಗು ಕೆಮ್ಮಣ್ಣು ಕಲಸುತ್ತಾ ಕುಳಿತರೂ ಆಯಿತು.

ಮಗು ಮರಗಟ್ಟಿದರೆ, ನೋಟ ಒಂದೇ ಕಡೆ ನೆಟ್ಟು ಉಸಿರು ಚಿಕ್ಕದಾದರೆ, ಅಥವಾ ಕಾರಣವಿಲ್ಲದೆ ಕೆರಳಿದರೆ, ಹಿಡಿದುಕೊಳ್ಳಬೇಡಿ. ಎರಡು ಮಾರು ದೂರದಲ್ಲಿ ಎದುರಿಗೆ ನೆಲದ ಮೇಲೆ ಕುಳಿತು, "ಇಂದು ಭಾನುವಾರ, ನಾವು ಜಗುಲಿಯಲ್ಲಿದ್ದೇವೆ, ಆಟ ನಿಲ್ಲಿಸಿದ್ದೇವೆ" ಎಂದು ಮೆಲ್ಲಗೆ ಹೇಳಿ. ನೀರು ಇಡಿ, ಅಮ್ಮನವರನ್ನು ಕರೆಯಿಸಿ. ಇದಕ್ಕೆ ಮೀರಿದ್ದು ವೈದ್ಯರ ಕೆಲಸ, ನಮ್ಮದಲ್ಲ.

ಹಿಂದಿನ ಕಥೆಯನ್ನು ನಾವಾಗಿ ಕೇಳಕೂಡದು. ಮಗುವೇ ಹೇಳಿದರೆ ತಡೆಯಬೇಡಿ, ಕೆದಕಲೂ ಬೇಡಿ. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ. ಅದರ ಮಾತನ್ನು ಇದ್ದಂತೆಯೇ ಬರೆದು ಅಂದೇ ಮೇಲ್ವಿಚಾರಕರಿಗೆ ಕೊಡಿ. ದೂರು ಗೃಹದವರ ಮೇಲೆಯೇ ಆದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ಲೈಂಗಿಕ ಅಪರಾಧದ ಮಾತಾದರೆ 2012ರ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕೇಳಿದವನ ಕಡ್ಡಾಯ ಕರ್ತವ್ಯ.

ಈ ಮೂವರ ನಾಲ್ಕು ತಿಂಗಳು ಮುಗಿಯುತ್ತಾ ಬಂತು. ಹೊಸಬರು ಕೊನೆಯ ಮೂರು ಭಾನುವಾರ ಹಳಬರ ಜೊತೆಯಲ್ಲೇ ಬರತಕ್ಕದ್ದು. ಹಳಬರು ತಾವು ಹೋಗುವ ದಿನವನ್ನು ಮೊದಲೇ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸುತ್ತಾರೆ. ಬುಟ್ಟಿಗಳನ್ನು ವಸ್ತುಪ್ರದರ್ಶನಕ್ಕೆ ಕೇಳಿಕೊಂಡು ಬಂದವರಿದ್ದರು, ಕೊಡಲಿಲ್ಲ. ಅವು ಮಕ್ಕಳವು, ಅವರ ಮಂಚದ ಕೆಳಗಿವೆ. ಆ ಹುಡುಗ ತನ್ನದರಲ್ಲಿ ಹುಣಿಸೆ ಬೀಜ ತುಂಬಿಟ್ಟಿದ್ದಾನೆ. ಕಳೆದ ವಾರ ಎಣಿಸುವಾಗ ನಮಗೆ ನಾಲ್ಕು ಬೀಜ ಕಡಮೆ ಬಂದವು.