ಅಳಿಯ ಮಾಡಿದ ಬಿಸಿಬೇಳೆಬಾತ್

ಈ ವಾರ ಓದಿದ ಸಣ್ಣ ಕಥೆಯೊಂದರಲ್ಲಿ, ಹೊಸದಾಗಿ ಮದುವೆಯಾದ ಮೈಸೂರಿನ ಹುಡುಗನೊಬ್ಬ ಧಾರವಾಡದಿಂದ ಬರುವ ಅತ್ತೆ-ಮಾವನಿಗೆ ರಾತ್ರಿಯೂಟ ತಾನೇ ಮಾಡುತ್ತೇನೆ ಎನ್ನುತ್ತಾನೆ. ಏನು ಮಾಡುವುದು ಎಂಬ ಯೋಚನೆಯಲ್ಲೇ ಅರ್ಧ ಕಥೆ ಮುಗಿಯುತ್ತದೆ. ಮೊದಲು ಹೊಳೆಯುವುದು ಜೋಳದ ರೊಟ್ಟಿ, ಎಣ್ಣೆಗಾಯಿ. ಬಂದವರ ಊಟವನ್ನೇ ಬಡಿಸಿದರೆ ಮರ್ಯಾದೆ ಎಂಬ ಲೆಕ್ಕ. ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಗೋಧಿ ಹಿಟ್ಟಿನ ಅಂಟು ಜೋಳಕ್ಕಿಲ್ಲ. ಕುದಿಯುವ ನೀರು ಹಾಕಿ, ಬಿಸಿ ಆರುವ ಮೊದಲೇ ನಾದಿ, ಅಂಗೈಯಲ್ಲಿ ಬಡಿದು ಅಗಲಿಸಬೇಕು. ಹದ ತಪ್ಪಿದರೆ ಅಂಚು ಸೀಳುತ್ತದೆ, ಹಂಚಿಗೆ ಎತ್ತಿ ಹಾಕುವಷ್ಟರಲ್ಲಿ ಮುರಿಯುತ್ತದೆ. ಜೀವಮಾನವೆಲ್ಲ ರೊಟ್ಟಿ ಬಡಿದ ಅತ್ತೆಯ ಮುಂದೆ ತನ್ನ ಮೊದಲ ರೊಟ್ಟಿ ಇಡುವುದೆಂದರೆ ಉತ್ತರಪತ್ರಿಕೆ ಕೊಟ್ಟು ಅಂಕಕ್ಕೆ ಕಾದಂತೆ. ಅದೂ ಅಲ್ಲದೆ ಬಿಸಿ ರೊಟ್ಟಿ ಬಡಿಸುವವನು ಒಲೆ ಬಿಟ್ಟು ಬರುವ ಹಾಗಿಲ್ಲ. ಅತ್ತೆ-ಮಾವ ಊಟಕ್ಕೆ ಕೂತಾಗ ಅಳಿಯ ಅಡುಗೆಮನೆಯಲ್ಲಿ.

ಕೊನೆಗೆ ಅವನು ಆರಿಸುವುದು ತನ್ನ ಮನೆಯ ಬಿಸಿಬೇಳೆಬಾತ್. ಒಂದು ಲೋಟ ಅಕ್ಕಿ, ಒಂದು ಲೋಟ ತೊಗರಿಬೇಳೆ, ಆರು ಲೋಟದಷ್ಟು ನೀರು. ಬೇಳೆ ಮೆತ್ತಗಾಗುವವರೆಗೆ ಹುಣಸೆರಸ ಮುಟ್ಟುವುದಿಲ್ಲ, ಹುಳಿ ಬಿದ್ದರೆ ಬೇಳೆ ಬೇಯಲು ಹಟ ಮಾಡುತ್ತದೆ. ಆಮೇಲೆ ತರಕಾರಿ, ಹುಳಿ, ಪುಡಿ ಸೇರಿ ಚೆನ್ನಾಗಿ ಕುದಿಯಬೇಕು. ಇಳಿಸುವಾಗ ಸೌಟಿನಿಂದ ಸುರಿಯುವಷ್ಟು ತೆಳ್ಳಗಿದ್ದರೇ ಸರಿ, ಕೂತಷ್ಟೂ ಅನ್ನ ನೀರು ಹೀರಿ ಗಟ್ಟಿಯಾಗುತ್ತದೆ. ಕಥೆಯಲ್ಲಿ ಆಗುವುದೂ ಅದೇ. ರೈಲು ತಡ, ಬಾತು ಮುದ್ದೆ. ಹುಡುಗ ಗಾಬರಿಯಾದರೂ ಬಿಸಿನೀರು ಬೆರೆಸಿ, ಚಿಟಿಕೆ ಉಪ್ಪು ಹಾಕಿ, ಇನ್ನೊಂದು ಕುದಿ ಕುದಿಸಿ ತುಪ್ಪ ಬಿಡುತ್ತಾನೆ. ಹೊಸಬನಿಗೆ ಇಂಥ ಅಡುಗೆಯೇ ಬೇಕು, ಕೆಟ್ಟರೂ ತಿದ್ದಲು ಬಿಡುವಂಥದು. ಮುರಿದ ರೊಟ್ಟಿಯನ್ನು ಯಾರು ಕೂಡಿಸಿಯಾರು?

ಹಾಗಾದರೆ ಬಂದವರ ನಾಲಿಗೆಗೆ ಬೆಲೆಯಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಮಾವನಿಗೆ ಖಾರ ಎಷ್ಟು ಬೇಕು, ಅತ್ತೆ ಏನು ಮುಟ್ಟುವುದಿಲ್ಲ ಎಂದು ಹೆಂಡತಿಯನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಆದರೆ ಅದಕ್ಕಾಗಿ ಅಡುಗೆಯನ್ನೇ ಬದಲಿಸಬೇಕಿಲ್ಲ. ಬಿಸಿಬೇಳೆಬಾತಿನ ಪುಡಿಗೆ ಹೆಚ್ಚು ಖಾರವಿಲ್ಲದೆ ಕೆಂಪು ಬಣ್ಣ ಕೊಡುವುದು ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿ ಈಗ ಹಾವೇರಿ ಜಿಲ್ಲೆಯಲ್ಲಿದೆ, 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇತ್ತು. ಅಂದರೆ ಮೈಸೂರಿನ ಡಬ್ಬಿಯೊಳಗೆ ಬೀಗರ ಸೀಮೆ ಮೊದಲೇ ಬಂದು ಕೂತಿದೆ. ಹಬ್ಬದೂಟ ಬೇಡವೇ, ಒಂದೇ ಬಾತಿಗೆ ಮುಗಿಸುವುದೇ ಎನ್ನುವವರೂ ಇರಬಹುದು. ನಾಲ್ಕು ಬಗೆ ಅರೆಬೆಂದಿರುವುದಕ್ಕಿಂತ ಒಂದು ಬಗೆ ಹದವಾಗಿರುವುದು ಮೇಲು. ಜೊತೆಗೆ ಹಪ್ಪಳ, ಮೊಸರನ್ನ ಸಾಕು.

ಕಥೆಯಲ್ಲಿ ಅತ್ತೆ ಎರಡು ತುತ್ತು ಉಂಡು, “ಇದಕ್ಕ ಬ್ಯಾಡಗಿ ಹಾಕೀರೇನ್ರಿ?” ಎನ್ನುತ್ತಾರೆ. ಕಥೆಗಾರ ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದಾನೆ. ಅವರು ಎರಡನೇ ಸಲ ಬಡಿಸಿಕೊಂಡರೋ ಇಲ್ಲವೋ, ಅದನ್ನಾದರೂ ಹೇಳಬಹುದಿತ್ತು.